ಅಪ್ಪನ ನಂಬರು, ಮಗಳ ಕೈಯಲ್ಲಿ ಫೋನು: ಒಂದು ಮಲೆನಾಡ ಶಾಲೆಯ ಮೆಸೇಜ್ ನಿಯಮದ ಕಥೆ

ತೀರ್ಥಹಳ್ಳಿ ಕಡೆಯ ಒಂದು ಅನುದಾನಿತ ಪ್ರೌಢಶಾಲೆ. ಹೆಸರು ಬರೆಯುವುದಿಲ್ಲ, ಗುರುತು ಸಿಗುವ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಆ ಶಾಲೆಯ ಶಿಕ್ಷಕನಲ್ಲ. ಗಲಾಟೆ ಆದ ನಾಲ್ಕನೇ ದಿನ ಆಡಳಿತ ಮಂಡಳಿಯವರು "ಒಂದು ನಿಯಮ ಬರೆದುಕೊಡಿ" ಅಂತ ಕರೆದರು, ಹೋದೆ. ಆ ನಿಯಮವನ್ನು ಎರಡು ಸಲ ಬರೆಯಬೇಕಾಯಿತು. ಮೊದಲ ಸಲ ಬರೆದದ್ದು ಯಾಕೆ ಮೂರೇ ವಾರದಲ್ಲಿ ಬಿದ್ದುಹೋಯಿತು ಅನ್ನೋದನ್ನು ಹೇಳಲಿಕ್ಕೇ ಇಷ್ಟೂ ಬರೆಯುತ್ತಿದ್ದೇನೆ.

ಶುರುವಾಗಿದ್ದು ಮಳೆ ರಜೆಯಿಂದ. ಜುಲೈನಲ್ಲಿ ನಮ್ಮ ಕಡೆ ಹೇಗೆ ಅಂತ ಗೊತ್ತಲ್ವಾ, ಹಳ್ಳ ತುಂಬಿ ಕಾಲುಸಂಕದ ಮೇಲೆ ನೀರು ಬಂದರೆ ಮಕ್ಕಳು ದಾಟುವ ಹಾಗಿಲ್ಲ, ಜಿಲ್ಲಾಧಿಕಾರಿ ರಜೆ ಘೋಷಿಸದಿದ್ದರೂ ಅರ್ಧ ತರಗತಿ ಖಾಲಿ. ಹತ್ತನೇ ತರಗತಿಯ ವಿಜ್ಞಾನದ ಮೇಷ್ಟ್ರು ಸೇರಿ ಎರಡು ವರ್ಷ ಆಗಿತ್ತು, ಇಪ್ಪತ್ತೆಂಟರ ವಯಸ್ಸು. ಪಾಠ ಹಿಂದೆ ಬೀಳುತ್ತದೆ ಅಂತ ದಾಖಲಾತಿ ಪುಸ್ತಕದಲ್ಲಿದ್ದ ನಂಬರುಗಳನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದರು. ಯಾರನ್ನೂ ಕೇಳಲಿಲ್ಲ. ಕೇಳಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಒಳ್ಳೆ ಕೆಲಸ ಅಂತ ಮುಖ್ಯ ಶಿಕ್ಷಕಿಯೂ ಸುಮ್ಮನಿದ್ದರು.

ಒಬ್ಬ ಹುಡುಗಿ ಗುಂಪಿನಲ್ಲಿ ಪ್ರಶ್ನೆ ಕೇಳುತ್ತಿರಲಿಲ್ಲ. ಒಂದು ಸಲ ಕೇಳಿದ್ದಕ್ಕೆ ಹುಡುಗರು ನಗುವ ಚಿತ್ರ ಹಾಕಿ ಕಾಡಿಸಿದ್ದರು. ಅದಕ್ಕೇ ಮೇಷ್ಟ್ರಿಗೆ ನೇರವಾಗಿ ಮೆಸೇಜ್ ಹಾಕಿದಳು. ವಿದ್ಯುತ್ ಪಾಠದ್ದು, ಪ್ರತಿರೋಧಕಗಳನ್ನು ಸಮಾಂತರವಾಗಿ ಜೋಡಿಸುವ ಲೆಕ್ಕ. ಮೇಷ್ಟ್ರು ಕಾಗದದ ಮೇಲೆ ಬಿಡಿಸಿ ಫೋಟೋ ಕಳಿಸಿದರು. ಇದರಲ್ಲಿ ತಪ್ಪು ಹುಡುಕಲಿಕ್ಕೆ ನನ್ನಿಂದ ಆಗುವುದಿಲ್ಲ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಏಳು ವಾರ ಕಳೆಯುವಷ್ಟರಲ್ಲಿ ಇಬ್ಬರ ನಡುವೆ 400ಕ್ಕೂ ಹೆಚ್ಚು ಮೆಸೇಜ್ ಆಗಿತ್ತು. ಒಂದು ರಾತ್ರಿ ಫೋನು ಚಾರ್ಜಿಗೆ ಹಾಕಿದ್ದಾಗ ಅದರ ಮೇಲೆ ಮೂಡಿದ ಎರಡು ಸಾಲು ಅವಳ ದೊಡ್ಡಪ್ಪನ ಮಗನ ಕಣ್ಣಿಗೆ ಬಿತ್ತು. "ಇನ್ನೂ ಮಲಗಿಲ್ವಾ? ಅಪ್ಪನಿಗೆ ಈಗಲೇ ಹೇಳಬೇಡ." ಸಮಯ 10:50. ಅವನು ಅದರ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದ. ಬೆಳಗಾಗುವಷ್ಟರಲ್ಲಿ ಅದು ಊರಿನ ಗುಂಪಿಗೆ ಬಂದಿತ್ತು, ಹುಡುಗಿಯ ಹೆಸರಿನ ಸಮೇತ.

ಮೆಸೇಜಿನ ಉಳಿದ ಭಾಗ ಫೋಟೋದಲ್ಲಿ ಇರಲಿಲ್ಲ. ಅದು ಹೀಗಿತ್ತು: "ಸುಮ್ನೆ ಬೈತಾರೆ. ಸೋಮವಾರ ಇನ್ನೊಂದು ಟೆಸ್ಟ್ ಕೊಡ್ತೀನಿ, ಎರಡೂ ಒಟ್ಟಿಗೆ ತೋರಿಸು." ಘಟಕ ಪರೀಕ್ಷೆಯಲ್ಲಿ ಅವಳಿಗೆ 40ಕ್ಕೆ 11 ಬಂದಿತ್ತು.

ಮೊದಲ ದಿನ ಶಾಲೆಯಲ್ಲಿ ಆದದ್ದು

ಮುಖ್ಯ ಶಿಕ್ಷಕಿ ಒಳ್ಳೆಯವರು, ಮಕ್ಕಳೆಂದರೆ ಜೀವ. ಆದರೆ ಆ ಬೆಳಗ್ಗೆ ಮೊದಲ ಒಂದು ಗಂಟೆಯಲ್ಲಿ ಮಾಡಿದ ಮೂರು ಕೆಲಸವೂ ತಿರುಗಿ ಹೊಡೆದವು.

ಮೊದಲನೆಯದಾಗಿ ಮೇಷ್ಟ್ರಿಗೆ "ಎಲ್ಲ ಡಿಲೀಟ್ ಮಾಡಿಬಿಡಿ" ಅಂದರು. ಅವರೂ ಗಾಬರಿಯಲ್ಲಿ ಮಾಡಿದರು. ತಪ್ಪು ಮಾಡದವನು ಯಾಕೆ ಅಳಿಸುತ್ತಾನೆ ಅಂತ ಮಧ್ಯಾಹ್ನದ ಹೊತ್ತಿಗೆ ಅದೇ ಮಾತು. ಅವರ ಪುಣ್ಯಕ್ಕೆ, ನಮ್ಮ ಫೋನಿನಲ್ಲಿ ಚಾಟ್ ಅಳಿಸಿದರೆ ಎದುರಿನವರ ಫೋನಿನಲ್ಲಿ ಅದು ಹಾಗೇ ಇರುತ್ತದೆ. ಹುಡುಗಿಯ ಅಪ್ಪನ ಫೋನಿನಲ್ಲಿ ಪೂರ್ತಿ ಉಳಿದಿತ್ತು. ಮೇಷ್ಟ್ರನ್ನು ಉಳಿಸಿದ್ದೂ ಅದೇ. ಆದರೆ ಐದನೇ ವಾರದಲ್ಲಿ ಎರಡು ಮೆಸೇಜನ್ನು ಅವರು ಇಬ್ಬರ ಫೋನಿನಿಂದಲೂ ಅಳಿಸಿದ್ದರು. ಬೇರೆಯವರಿಗೆ ಕಳಿಸಬೇಕಾದದ್ದು ಕೈತಪ್ಪಿ ಹೋಗಿತ್ತಂತೆ. ಅಳಿಸಿದ ಗುರುತು ಮಾತ್ರ ಅಲ್ಲಿ ಉಳಿದಿತ್ತು. ಏನಿತ್ತು ಅಂತ ಇವತ್ತಿಗೂ ಅವರು ತೋರಿಸಲಿಕ್ಕೆ ಆಗುವುದಿಲ್ಲ.

ಎರಡನೆಯದು, ಹುಡುಗಿಯನ್ನು ಆಫೀಸಿಗೆ ಕರೆಸಿದ್ದು. ಎದುರಿಗೆ ಮಂಡಳಿಯ ಮೂವರು ಗಂಡಸರು ಕುರ್ಚಿಯಲ್ಲಿ. ಅವಳು ಅತ್ತಳು, ಒಂದು ಮಾತೂ ಆಡಲಿಲ್ಲ. ಅತ್ತಳು ಅನ್ನೋದನ್ನೇ ಸಾಕ್ಷಿ ಅಂದುಕೊಂಡರು ಕೆಲವರು.

ಮೂರನೆಯದು ಕಾನೂನಿನ ವಿಷಯ. "ಮೊದಲು ನಾವೇ ವಿಚಾರಿಸೋಣ, ಏನಾದರೂ ಇದ್ದರೆ ಆಮೇಲೆ ಹೇಳೋಣ" ಅಂತ ಮಂಡಳಿಯವರು ತೀರ್ಮಾನಿಸಿದರು. ಹೆಚ್ಚಿನ ಶಾಲೆಗಳು ಎಡವುವುದು ಇಲ್ಲೇ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧ ನಡೆದಿದೆ ಅಂತ ಗೊತ್ತಾದರೆ ಮಾತ್ರವಲ್ಲ, ನಡೆಯಬಹುದು ಅನ್ನುವ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು. ಸಾಬೀತು ಮಾಡುವ ಕೆಲಸ ಶಾಲೆಯದ್ದಲ್ಲ. ತಿಳಿಸದೆ ಬಿಟ್ಟರೆ 21ನೇ ಕಲಂ ಇದೆ, ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಇನ್ನೊಂದು ವಿಷಯ ಶಿಕ್ಷಕರಿಗೇ ಹೆಚ್ಚಾಗಿ ಗೊತ್ತಿರುವುದಿಲ್ಲ. ಅದೇ ಕಾಯ್ದೆಯ 11ನೇ ಕಲಂನಲ್ಲಿ, ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನು, ಇಂಟರ್ನೆಟ್ಟಿನ ಮೂಲಕ ಪದೇ ಪದೇ ಸಂಪರ್ಕಿಸುವುದೂ ಕಿರುಕುಳವೇ. ಮುಟ್ಟಿರಬೇಕು ಅಂತ ಇಲ್ಲ. ಎಲ್ಲ ನಿಂತಿರುವುದು ಉದ್ದೇಶದ ಮೇಲೆ, ಉದ್ದೇಶವನ್ನು ಮೂವರು ಗಂಡಸರು ಆಫೀಸಿನಲ್ಲಿ ಕೂತು ಅಳೆಯಲಿಕ್ಕೆ ಆಗುವುದಿಲ್ಲ.

ಮುಖ್ಯ ಶಿಕ್ಷಕಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಎರಡನೇ ದಿನ ಬೆಳಗ್ಗೆ ಮಂಡಳಿಯ ಮಾತು ಮೀರಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಠಾಣೆಗೂ ಬರೆದುಕೊಟ್ಟರು. ಇಡೀ ಪ್ರಕರಣದಲ್ಲಿ ಸರಿಯಾದ ಮೊದಲ ಹೆಜ್ಜೆ ಅದೇ. ಮಕ್ಕಳ ರಕ್ಷಣಾ ಘಟಕದಿಂದ ಬಂದ ಹೆಣ್ಣುಮಗಳು ಹುಡುಗಿಯ ಮನೆಗೇ ಹೋಗಿ, ಅಂಗಳದಲ್ಲಿ ಅವಳ ಅಮ್ಮನ ಜೊತೆ ಕೂತು ಮಾತಾಡಿದರು. ಎರಡು ಗಂಟೆ ಹಿಡಿಯಿತು. ಪೂರ್ತಿ ಚಾಟ್ ಓದಿದರು. ಅಪರಾಧ ಅನ್ನುವಂಥದ್ದು ಏನೂ ಇರಲಿಲ್ಲ ಅಂತ ತೀರ್ಮಾನವಾಯಿತು.

ಅಪರಾಧ ಇಲ್ಲ ಅಂದರೆ ಎಲ್ಲ ಸರಿ ಇತ್ತು ಅಂತ ಅಲ್ಲ. ನಾನು ಹೋದಾಗ ಮಂಡಳಿಯವರು ಅಷ್ಟಕ್ಕೇ ಮುಗಿಸಲು ತಯಾರಿದ್ದರು.

ಚಾಟ್ ಓದುವುದು ಹೇಗೆ

ಅಪ್ಪನ ಒಪ್ಪಿಗೆ ತಗೊಂಡು `Export chat` ಮಾಡಿ, ಅದನ್ನು ಮುದ್ರಿಸಿ, ಮುಖ್ಯ ಶಿಕ್ಷಕಿ ಮತ್ತು ನಾನು ಓದಿದೆವು. ತುಂಡು ಫೋಟೋ ನೋಡಿ ತೀರ್ಮಾನ ಮಾಡಬಾರದು ಅನ್ನೋದು ಅಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಓದುವಾಗ ಪಕ್ಕದಲ್ಲಿ ಮೂರು ಗೆರೆ ಎಳೆದುಕೊಂಡೆ. ಒಂದರಲ್ಲಿ ಸಮಯ, ಒಂದರಲ್ಲಿ ವಿಷಯ, ಮೂರನೆಯದರಲ್ಲಿ ಯಾರನ್ನು ಹೊರಗಿಡಲಾಗಿದೆ ಅನ್ನೋದು.

ಮೊದಲ ಎರಡು ವಾರ ಎಲ್ಲವೂ ಸಂಜೆ 8ರ ಒಳಗೆ, ಎಲ್ಲವೂ ಪಾಠದ್ದೇ. ಮೂರನೇ ವಾರ ಹುಡುಗಿ "ಅಜ್ಜಿಗೆ ಹುಷಾರಿಲ್ಲ ಸರ್, ಓದಲಿಕ್ಕೆ ಆಗಲಿಲ್ಲ" ಅಂತ ಬರೆದಿದ್ದಳು. ಮೇಷ್ಟ್ರು ವಿಚಾರಿಸಿದರು, ಮರುದಿನವೂ ವಿಚಾರಿಸಿದರು. ಅದು ಮನುಷ್ಯತ್ವ. ನಾಲ್ಕನೇ ವಾರದಿಂದ ಸಮಯ ಜಾರತೊಡಗಿತು. 9, 9:30, 10. ಅದಕ್ಕೆ ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ. ಐದನೇ ವಾರದ ಹೊತ್ತಿಗೆ ಪಾಠದ ಮಾತು ಅರ್ಧ, ಮನೆಯ ಮಾತು ಅರ್ಧ. ಆರನೇ ವಾರದವರೆಗೂ ಮೂರನೇ ಗೆರೆಯ ಕೆಳಗೆ ಏನೂ ಇರಲಿಲ್ಲ. ಏಳನೇ ವಾರದಲ್ಲಿ ಒಂದೇ ಒಂದು ಸಾಲು: ಅಪ್ಪನಿಗೆ ಈಗಲೇ ಹೇಳಬೇಡ.

ಮೇಷ್ಟ್ರು ಆ ಸಾಲನ್ನು ಪ್ರೀತಿಯಿಂದಲೇ ಬರೆದರು, ನಾನು ನಂಬುತ್ತೇನೆ. ಆದರೆ ಆ ಸಾಲು ದೊಡ್ಡವನೊಬ್ಬನನ್ನೂ ಮಗುವನ್ನೂ ಒಂದು ಕಡೆ ನಿಲ್ಲಿಸಿ, ಅಪ್ಪನನ್ನು ಇನ್ನೊಂದು ಕಡೆ ನಿಲ್ಲಿಸುತ್ತದೆ. ಕೆಟ್ಟ ಉದ್ದೇಶ ಇರುವವನು ಶುರು ಮಾಡುವುದೂ ಇದೇ ಸಾಲಿನಿಂದ. ಮೊದಲು ಸಣ್ಣ ಗುಟ್ಟು, ಅಂಕದ್ದು, ಪೆನ್ನಿನದ್ದು. ಮಗು ಆ ಗುಟ್ಟನ್ನು ಕಾಪಾಡುತ್ತದಾ ಅಂತ ನೋಡುತ್ತಾನೆ. ಮಗುವಿಗೆ ಇಬ್ಬರ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಒಳ್ಳೆಯ ಮೇಷ್ಟ್ರು ಇದನ್ನು ಅಭ್ಯಾಸ ಮಾಡಿಸಿಟ್ಟರೆ ಮುಂದೆ ಇನ್ನೊಬ್ಬನಿಗೆ ದಾರಿ ಮಾಡಿಕೊಟ್ಟ ಹಾಗೆ ಆಗುತ್ತದೆ. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ "ನಾನು ಅಂಕದ ಬಗ್ಗೆ ಮಾತ್ರ ಯೋಚಿಸ್ತಿದ್ದೆ" ಅಂದರು.

ಮೊದಲ ನಿಯಮ, ಮತ್ತು ಅದು ಬಿದ್ದದ್ದು

ನಾನು ಬರೆದ ಮೊದಲ ಕರಡು ಒಂದೇ ಪುಟ. ಶಿಕ್ಷಕರು ವಿದ್ಯಾರ್ಥಿಗಳಿಗೆ ವೈಯಕ್ತಿಕವಾಗಿ ಮೆಸೇಜ್ ಮಾಡಬಾರದು, ಏನಿದ್ದರೂ ಪೋಷಕರಿಗೆ ಮಾತ್ರ. ಬೆಂಗಳೂರಿನ ಎರಡು ಮೂರು ಶಾಲೆಗಳ ನಿಯಮ ನೋಡಿದ್ದೆ, ಎಲ್ಲದರಲ್ಲೂ ಇದೇ ಇತ್ತು. ಎಲ್ಲರೂ ಸಹಿ ಹಾಕಿದರು.

ಮೂರನೇ ವಾರ ಕನ್ನಡದ ಮಿಸ್ ಒಬ್ಬ ಹುಡುಗನ ಅಪ್ಪನಿಗೆ ಮೆಸೇಜ್ ಹಾಕಿದರು. "ನಿಮ್ಮ ಮಗ ಎರಡು ದಿನದಿಂದ ಶಾಲೆಗೆ ಬಂದಿಲ್ಲ, ದಯವಿಟ್ಟು ತಿಳಿಸಿ." ಐದು ನಿಮಿಷಕ್ಕೆ ಉತ್ತರ ಬಂತು: "ಸರಿ ಮಿಸ್ ನಾಳೆ ಬರ್ತೀನಿ." ಬರೆದದ್ದು ಹುಡುಗನೇ. ಅಪ್ಪನಿಗೆ ಅವನು ಶಾಲೆ ತಪ್ಪಿಸಿದ್ದೇ ಗೊತ್ತಿರಲಿಲ್ಲ.

ಆವಾಗ ದಾಖಲಾತಿ ಪುಸ್ತಕ ತೆಗೆದು ಕೂತೆವು. ಹತ್ತನೇ ತರಗತಿಯಲ್ಲಿ 38 ಮಕ್ಕಳು. ಮೂವರಿಗೆ ಸ್ವಂತ ಫೋನು. ಆರು ಮನೆಯಲ್ಲಿ ಕೀಪ್ಯಾಡ್ ಫೋನು, ವಾಟ್ಸಾಪೇ ಇಲ್ಲ. ಉಳಿದ 29 ನಂಬರು ಅಪ್ಪ ಅಮ್ಮನ ಹೆಸರಿನಲ್ಲಿದ್ದರೂ ಸಂಜೆಯಾದ ಮೇಲೆ ಫೋನು ಮಕ್ಕಳ ಕೈಯಲ್ಲೇ. ನಮ್ಮ ಗಲಾಟೆಯ ಹುಡುಗಿಯದ್ದೂ ಹಾಗೇ ಅಲ್ವಾ? ಮೇಷ್ಟ್ರು ಏಳು ವಾರ ಮೆಸೇಜ್ ಹಾಕಿದ್ದು ಅವಳ ಅಪ್ಪನ ನಂಬರಿಗೆ. ನನ್ನ ನಿಯಮ ಮೊದಲೇ ಇದ್ದಿದ್ದರೂ ಅವರು ಕಾಗದದ ಮೇಲೆ ಅದನ್ನು ಮುರಿದಂತೆ ಆಗುತ್ತಿರಲಿಲ್ಲ!

ರಾತ್ರಿಯ ಸಮಯಕ್ಕೂ ಇದೇ ಕಾರಣ. ಅಪ್ಪ ತೋಟದಿಂದ ಬರುವುದೇ ಕತ್ತಲಾದ ಮೇಲೆ. ಆಗ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲ, ಮಳೆ ಬಿಟ್ಟ ಹೊತ್ತು ನೋಡಿ ಆಳುಗಳನ್ನು ಹೊಂದಿಸಲು ಫೋನು ಅವರ ಜೇಬಿನಲ್ಲೇ ಇರಬೇಕು. ಊಟ ಮಾಡಿ ಅವರು ಮಲಗಿದ ಮೇಲೆ ಫೋನು ಮಗಳಿಗೆ. ಅಷ್ಟು ಹೊತ್ತಿಗೆ 9 ದಾಟಿರುತ್ತದೆ. ಮಗು ಆ ಹೊತ್ತಿಗೆ ಕೇಳಿದರೆ ಮೇಷ್ಟ್ರು ಆ ಹೊತ್ತಿಗೇ ಉತ್ತರಿಸಿದರು. ದುರುದ್ದೇಶ ಇರುವವನ ಸಮಯವೂ ಹೀಗೇ ಜಾರುತ್ತದೆ, ಹಾಗಾಗಿ ಸಮಯ ಒಂದನ್ನೇ ನೋಡಿ ಏನೂ ಹೇಳಲಿಕ್ಕೆ ಆಗುವುದಿಲ್ಲ.

ಒಟ್ಟಿನಲ್ಲಿ ನಮ್ಮ ಕಡೆ "ಪೋಷಕರ ನಂಬರು" ಅನ್ನುವುದೇ ಇಲ್ಲ. ಮನೆಯ ನಂಬರು ಇದೆ. ಯಾರ ಕೈಯಲ್ಲಿದೆ ಅಂತ ಕಳಿಸುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಯಾರಿಗೆ ಕಳಿಸುತ್ತೀರಿ ಅನ್ನೋದರ ಮೇಲೆ ನಿಯಮ ಕಟ್ಟಿದರೆ ನಿಲ್ಲುವುದಿಲ್ಲ. ಯಾರ ಫೋನಿನಿಂದ ಹೋಗುತ್ತದೆ, ಇನ್ನೊಬ್ಬರು ಅದನ್ನು ನೋಡುತ್ತಾರಾ ಅನ್ನೋದರ ಮೇಲೆ ಕಟ್ಟಬೇಕು.

ಎರಡನೇ ನಿಯಮ

ಶಾಲೆಯ ಹೆಸರಿನಲ್ಲಿ ಒಂದು ಸಿಮ್, ಒಂದು ಸಾಧಾರಣ ಫೋನು ತಗೊಂಡರು. ವಾಟ್ಸಾಪ್ ಬಿಸಿನೆಸ್ ಹಾಕಿದೆವು, ಅದು ಉಚಿತ. `Linked devices` ಬಳಸಿದರೆ ಒಂದೇ ನಂಬರನ್ನು ಫೋನಿನ ಜೊತೆ ಇನ್ನೂ ನಾಲ್ಕು ಕಡೆ ತೆರೆದಿಡಬಹುದು. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲೂ ಮುಖ್ಯ ಶಿಕ್ಷಕಿಯ ಕಂಪ್ಯೂಟರಿನಲ್ಲೂ ಜೋಡಿಸಿದೆವು. ಅಂದರೆ ಮಗುವಿನ ಮನೆಯಿಂದ ಏನೇ ಬಂದರೂ, ಏನೇ ಹೋದರೂ ಕಡೇಪಕ್ಷ ಇಬ್ಬರ ಕಣ್ಣಿಗೆ ಬೀಳುತ್ತದೆ, ಅವರಲ್ಲಿ ಒಬ್ಬರು ಹೆಂಗಸು. ಇದೇ ನಿಯಮದ ಬೆನ್ನೆಲುಬು, ಉಳಿದದ್ದೆಲ್ಲ ಇದರ ಸುತ್ತ.

ಸಂಕೋಚದ ಮಕ್ಕಳು ಈ ನಂಬರಿಗೆ ಒಂಟಿಯಾಗಿ ಪ್ರಶ್ನೆ ಕಳಿಸಬಹುದು. ಉತ್ತರ ಮಾತ್ರ ಹೆಸರು ಹೇಳದೆ ತರಗತಿಯ ಗುಂಪಿಗೆ ಹೋಗುತ್ತದೆ, "ಒಬ್ಬರು ಈ ಲೆಕ್ಕ ಕೇಳಿದ್ದಾರೆ" ಅಂತ. ಆ ಹುಡುಗಿಗೆ ಬೇಕಿದ್ದದ್ದು ಇಷ್ಟೇ. ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡಿದ್ದರಿಂದ ಕಾಡಿಸುವುದೂ ನಿಂತಿತು. ಗುಂಪನ್ನು ಕಮ್ಯುನಿಟಿಯ ಪ್ರಕಟಣೆ ಗುಂಪಾಗಿ ಮಾಡಿದೆವು. ಅದರಲ್ಲಿ ಒಬ್ಬರ ನಂಬರು ಇನ್ನೊಬ್ಬ ಸದಸ್ಯರಿಗೆ ಕಾಣುವುದಿಲ್ಲ. ಹೆಣ್ಣುಮಕ್ಕಳ ಮನೆಯವರು ಹೆಚ್ಚು ಮೆಚ್ಚಿಕೊಂಡದ್ದು ಇದನ್ನೇ.

ಸಮಯ ಬೆಳಗ್ಗೆ 8ರಿಂದ ಸಂಜೆ 7. ಆಮೇಲೆ ಬಂದ ಮೆಸೇಜಿಗೆ "ನಾಳೆ ಬೆಳಗ್ಗೆ ಉತ್ತರಿಸುತ್ತೇವೆ" ಅಂತ ತಾನಾಗಿ ಹೋಗುತ್ತದೆ. ಮಗು ರಾತ್ರಿ 10ಕ್ಕೆ ಕೇಳಲಿ, ತೊಂದರೆ ಇಲ್ಲ. ಉತ್ತರ ಬೆಳಗ್ಗೆ. ಪೋಷಕರು ರಾತ್ರಿ 11ಕ್ಕೆ ಅಂಕದ ಬಗ್ಗೆ ಜಗಳ ತೆಗೆಯುವುದಕ್ಕೂ ಇದೇ ಉತ್ತರವಾಯಿತು, ಶಿಕ್ಷಕಿಯರಿಗೆ ಅದೇ ದೊಡ್ಡ ನೆಮ್ಮದಿ.

ಮಗು ಹೇಗೋ ಮೇಷ್ಟ್ರ ಸ್ವಂತ ನಂಬರು ಹುಡುಕಿ ಮೆಸೇಜ್ ಹಾಕಿದರೆ? ಹಾಕೇ ಹಾಕುತ್ತದೆ, ಸಣ್ಣ ಊರಲ್ಲಿ ನಂಬರು ಗುಟ್ಟಲ್ಲ. ಬೈಯಬಾರದು, ಬ್ಲಾಕ್ ಮಾಡಬಾರದು. "ಶಾಲೆ ನಂಬರಿಗೆ ಹಾಕು" ಅಂತ ಒಂದೇ ಸಾಲು. ಮರುದಿನ ಆಫೀಸಿನ ಪುಸ್ತಕದಲ್ಲಿ ದಿನಾಂಕ, ಸಮಯ, ಏನು ಬಂತು ಅಂತ ಬರೆದು ಸಹಿ. ಹಾಗೆ ತಾವೇ ಬರೆದವರನ್ನು ಪ್ರಶ್ನೆ ಮಾಡುವುದಿಲ್ಲ, ಬರೆಯದೆ ಬಿಟ್ಟದ್ದು ಗೊತ್ತಾದರೆ ಮಾತ್ರ ಕೇಳುತ್ತಾರೆ. ಆದರೆ ಮಗು ತಾನು ತೊಂದರೆಯಲ್ಲಿದ್ದೇನೆ ಅಂತ ಬರೆದರೆ ಬೆಳಗ್ಗೆವರೆಗೆ ಕಾಯುವ ಹಾಗಿಲ್ಲ. ಕೂಡಲೇ ಮುಖ್ಯ ಶಿಕ್ಷಕಿಗೆ ಫೋನ್, 1098ಕ್ಕೆ ಫೋನ್, ಮೆಸೇಜ್ ಅಳಿಸದೆ ಹಾಗೇ ಇಡುವುದು. ಇದನ್ನು ಸೇರಿಸದಿದ್ದರೆ ನಿಯಮಕ್ಕೆ ಹೆದರಿ ಶಿಕ್ಷಕರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಮಳೆಗಾಲದ ತುರ್ತು ಬೇರೆ. ಬಸ್ಸು ಸಿಕ್ಕಿಬಿದ್ದರೆ, ಗುಡ್ಡ ಜರಿದರೆ, ಯಾರ ಫೋನಿನಿಂದ ಯಾರಿಗಾದರೂ ಮಾತಾಡಿ. ಆದರೆ ಕರೆ ಮಾಡಿ, ಮೆಸೇಜ್ ಅಲ್ಲ. ನಮ್ಮಲ್ಲಿ ಗುಡ್ಡ ಹತ್ತಿದರೆ ಮಾತ್ರ ಇಂಟರ್ನೆಟ್ ಬರುವ ಮನೆಗಳಿವೆ, ಮೆಸೇಜ್ ಮುಟ್ಟುವಷ್ಟರಲ್ಲಿ ಮಗು ಹಳ್ಳದ ದಂಡೆಯಲ್ಲಿ ಇರುತ್ತದೆ. ಕೀಪ್ಯಾಡ್ ಫೋನಿನ ಆರು ಮನೆಗೂ ರಜೆಯ ಸುದ್ದಿ ಕರೆಯಿಂದಲೇ, ಯಾವ ಶಿಕ್ಷಕರು ಯಾವ ಮನೆಗೆ ಅಂತ ಗೋಡೆಯ ಮೇಲೆ ಪಟ್ಟಿ ಹಾಕಿದ್ದಾರೆ.

ಎರಡು ವಿಷಯಕ್ಕೆ ಮಾತ್ರ ವಿನಾಯಿತಿ ಇಲ್ಲ. ಒಂದು, ತಾನಾಗಿ ಮಾಯವಾಗುವ ಮೆಸೇಜ್ ಆನ್ ಮಾಡುವುದು, ಕಳಿಸಿದ್ದನ್ನು ಅಳಿಸುವುದು. ತಪ್ಪು ಹೋಗಿದ್ದರೆ ಕೆಳಗೆ "ತಪ್ಪಾಗಿ ಬಂತು" ಅಂತ ಬರೆಯಿರಿ. ಇನ್ನೊಂದು, "ಮನೆಯಲ್ಲಿ ಹೇಳಬೇಡ" ಅನ್ನುವ ಮಾತು, ಯಾವ ಕಾರಣಕ್ಕೂ, ಬಾಯಲ್ಲಿ ಹೇಳುವುದೂ ಸೇರಿ. ಇದನ್ನು ಮಕ್ಕಳಿಗೂ ಪ್ರಾರ್ಥನೆಯ ನಂತರ ಹೇಳಿದರು: ಯಾವ ದೊಡ್ಡವರಾದರೂ ಹಾಗಂದರೆ ಮನೆಯಲ್ಲಿ ಹೇಳಲೇಬೇಕು ಅಂತ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನದ್ದು ಜಾಸ್ತಿ ಚರ್ಚೆ ಆಗಲಿಲ್ಲ. ಈಗ ಓದುತ್ತಿರುವ ಮಕ್ಕಳನ್ನು ಸ್ನೇಹಿತರಾಗಿ ಸೇರಿಸಿಕೊಳ್ಳುವ ಹಾಗಿಲ್ಲ. ಮಕ್ಕಳ ಫೋಟೋ ಶಾಲೆಯ ಖಾತೆಯಲ್ಲಿ ಮಾತ್ರ, ಮನೆಯವರು ಬರೆದುಕೊಟ್ಟ ಒಪ್ಪಿಗೆ ಇದ್ದರೆ. ಗೊಂದಲ ಎದ್ದದ್ದು ನೆಂಟಸ್ತಿಕೆಯಲ್ಲಿ. ಹಿಂದಿ ಮಿಸ್ ಅವರ ಅಕ್ಕನ ಮಗಳು ಎಂಟನೇ ತರಗತಿಯಲ್ಲಿದ್ದಾಳೆ, ಚಿಕ್ಕಮ್ಮ ಮೆಸೇಜ್ ಮಾಡಬಾರದು ಅಂದರೆ ಹೇಗೆ? ವರ್ಷದ ಮೊದಲೇ ಯಾರು ಯಾರಿಗೆ ನೆಂಟರು ಅಂತ ಬರೆದುಕೊಟ್ಟರೆ ಸಾಕು ಅಂತ ಇಟ್ಟೆವು.

ಮುಂದೆ ಆದದ್ದು

ಮೇಷ್ಟ್ರ ಮೇಲೆ ಕ್ರಮ ಆಗಲಿಲ್ಲ. ಮುರಿಯಲಿಕ್ಕೆ ನಿಯಮವೇ ಇರಲಿಲ್ಲವಲ್ಲ. ಲಿಖಿತವಾಗಿ ಒಂದು ಎಚ್ಚರಿಕೆ ಕೊಟ್ಟರು, ಅವರೂ ಒಪ್ಪಿಕೊಂಡರು. ಹುಡುಗಿಯ ಅಪ್ಪನಿಗೆ ಪೂರ್ತಿ ಚಾಟ್ ಓದಿ ಹೇಳಿದ ಮೇಲೆ ಮೇಷ್ಟ್ರ ಮೇಲಿನ ಸಿಟ್ಟು ಇಳಿಯಿತು. ಊರಿನ ಗುಂಪಿನ ಮೇಲಿನ ಸಿಟ್ಟು ಇಳಿಯಲಿಲ್ಲ, ಇಳಿಯಬೇಕು ಅಂತ ನನಗೂ ಅನ್ನಿಸಲಿಲ್ಲ. ಇಂಥ ವಿಚಾರಣೆಯಲ್ಲಿರುವ ಮಗುವಿನ ಗುರುತನ್ನು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಮುಖ್ಯ ಶಿಕ್ಷಕಿ ಆ ಗುಂಪಿನ ಅಡ್ಮಿನ್ ಮನೆಗೆ ಹೋಗಿ ಇದನ್ನು ತೋರಿಸಿ ಅಳಿಸಿಸಿದರು. ಅಷ್ಟರಲ್ಲಿ ಎಷ್ಟು ಕಡೆ ಹೋಗಿತ್ತೋ. ಹುಡುಗಿ ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೂ ವಿಜ್ಞಾನದ ತರಗತಿಯಲ್ಲಿ ಕೈ ಎತ್ತಲಿಲ್ಲ ಅಂತ ಮೇಷ್ಟ್ರೇ ಹೇಳಿದರು.

ಪುಸ್ತಕದಲ್ಲಿ ಮೊದಲ ಆರು ತಿಂಗಳಲ್ಲಿ 23 ನಮೂದು ಬಂದಿದ್ದವು. ಮೊದಲ ತಿಂಗಳು ಒಂದೂ ಇರಲಿಲ್ಲ. ಯಾರೂ ಬರೆಯುವುದಿಲ್ಲ ಅಂತ ಮಂಡಳಿಯವರು ಅದನ್ನು ನಿಲ್ಲಿಸಲು ಹೊರಟಿದ್ದರು. ಎರಡನೇ ತಿಂಗಳು ಮುಖ್ಯ ಶಿಕ್ಷಕಿ ತಮ್ಮದೇ ಒಂದನ್ನು ಬರೆದರು, ರಾತ್ರಿ 9:40ಕ್ಕೆ ಒಬ್ಬ ಹುಡುಗಿಗೆ ಪರೀಕ್ಷೆಯ ಶುಭಾಶಯ ಕಳಿಸಿದ್ದು. ಆಮೇಲೆ ಬೇರೆಯವರೂ ಬರೆಯತೊಡಗಿದರು. ಹೆಚ್ಚಿನವು ಮಕ್ಕಳೇ ಕಳಿಸಿದ ಹಬ್ಬದ ಚಿತ್ರಗಳು.

ಮರುವರ್ಷ ಜೂನ್‌ನಲ್ಲಿ ನಿಯಮ ಮತ್ತೆ ಓದಲು ಕೂತಾಗ ಸಹಿ ಪಟ್ಟಿ ನೋಡಿದೆ. ಶಿಕ್ಷಕರು, ಗುಮಾಸ್ತರು, ಎಲ್ಲರದ್ದೂ ಇತ್ತು. ವ್ಯಾನ್ ಓಡಿಸುವವರ ಸಹಿ ಇರಲಿಲ್ಲ, ಅವರು ಶಾಲೆಯ ನೌಕರರಲ್ಲ, ಬಾಡಿಗೆಯವರು. "ನಾಳೆ ಬರಲ್ಲ", "ಐದು ನಿಮಿಷ ತಡ" ಅಂತ ಮಕ್ಕಳು ದಿನಾ ಮೆಸೇಜ್ ಹಾಕುವುದು ಅವರಿಗೇ, ಅವರ ಸ್ವಂತ ಫೋನಿಗೆ. ಅರವತ್ತು ಮನೆಯ ನಂಬರು ಆ ಒಂದು ಫೋನಿನಲ್ಲಿತ್ತು. ಸಂಜೆ ಕಬಡ್ಡಿ ಹೇಳಿಕೊಡಲು ಬರುವ ಹುಡುಗನದ್ದೂ ಹಾಗೇ. ಇಬ್ಬರನ್ನೂ ಕರೆಸಿ ಕೂರಿಸಿ ಪೂರ್ತಿ ಓದಿ ಹೇಳಿದೆವು. ವ್ಯಾನಿನವರು ಕೇಳಿದರು, "ನನಗೂ ಶಾಲೆಯಿಂದ ಒಂದು ಸಿಮ್ ಕೊಡ್ತೀರಾ ಹಂಗಾದ್ರೆ?" ಮಂಡಳಿ ಅದಕ್ಕೆ ದುಡ್ಡು ಮಂಜೂರು ಮಾಡಿದ್ದು ಆಗಸ್ಟಿನಲ್ಲಿ.